ಇಳುವರಿ ಒಂದು ದಿನ 46, ಮರುದಿನ 77: ಅಕ್ಕಿ ಮಿಲ್ಲಿನ ದಿನದ ವರದಿಯಲ್ಲಿ ದೋಷ ಹುಡುಕುವ ಬಗೆ

ಉಡುಪಿ, ಬ್ರಹ್ಮಾವರ, ಕಾರ್ಕಳ ಕಡೆಯ ಸಣ್ಣ ಕುಚ್ಚಲಕ್ಕಿ ಮಿಲ್ಲುಗಳಲ್ಲಿ ಕೊಯ್ಲು ಜೋರಾದ ಹಾಗೆ ಒಂದು ದೂರು ಶುರುವಾಗುತ್ತದೆ. ಗಾಡಿ ತೂಗುವ ವೇಬ್ರಿಡ್ಜ್‌ನ ಲೆಕ್ಕದಿಂದ ತಯಾರಾಗುವ ದಿನದ ವರದಿಯಲ್ಲಿ ಅಕ್ಕಿಯ ಇಳುವರಿ ಮೇಲೆ ಕೆಳಗೆ ಹಾರುತ್ತಿರುತ್ತದೆ. ಕಳೆದ ಸೀಸನ್‌ನಲ್ಲಿ ನಾನು ಲೆಕ್ಕ ನೋಡಿದ ಒಂದು ಮಿಲ್ಲಿನ ವರದಿಯಲ್ಲಿ ಹೀಗಿತ್ತು:

| ದಿನ | ಬಂದ ಭತ್ತ (ಕೆಜಿ) | ಆದ ಅಕ್ಕಿ (ಕೆಜಿ) | ಇಳುವರಿ |
|---|---|---|---|
| ಸೋಮವಾರ | 15,360 | 7,120 | 46.4% |
| ಮಂಗಳವಾರ | 8,900 | 6,850 | 77.0% |
| ಬುಧವಾರ | 11,250 | 7,735 | 68.8% |

ಸೋಮವಾರದ ಅಂಕಿ ನೋಡಿ ಮಾಲೀಕರಿಗೆ ಮೊದಲು ಬಂದ ಅನುಮಾನ ಕೆಲಸದವರ ಮೇಲೆ. ಎರಡನೆಯದು ಸಿಪ್ಪೆ ಸುಲಿಯುವ ಯಂತ್ರದ ರಬ್ಬರ್ ರೋಲರ್ ಮೇಲೆ. ಎರಡೂ ತಪ್ಪು. ಇಷ್ಟು ದೊಡ್ಡ ಏರಿಳಿತ ಯಂತ್ರದಿಂದ ಬರುವುದಿಲ್ಲ. ರೋಲರ್ ಸವೆದರೆ ನುಚ್ಚು ಜಾಸ್ತಿಯಾಗುತ್ತದೆ, ಸುಲಿಯದ ಭತ್ತ ಅಕ್ಕಿಯಲ್ಲಿ ಉಳಿಯುತ್ತದೆ. ಆದರೆ ಒಟ್ಟು ಅಕ್ಕಿ ಒಂದು ದಿನದಲ್ಲಿ ಮೂವತ್ತು ಅಂಶ ಹಾರುವುದಿಲ್ಲ. ಹಾಗೆ ಹಾರಿದರೆ ತಪ್ಪು ಲೆಕ್ಕದಲ್ಲೇ ಇರುತ್ತದೆ. ಆದ್ದರಿಂದ ಯಂತ್ರ ಬಿಚ್ಚುವ ಮೊದಲು, ಯಾರನ್ನಾದರೂ ಕರೆದು ಕೇಳುವ ಮೊದಲು, ಕಾಗದ ನೋಡಬೇಕು.

ಈ ಮೂರು ದಿನಗಳಲ್ಲಿ ಹೆಚ್ಚು ಮೋಸ ಮಾಡುವುದು ಬುಧವಾರ. 68.8 ಎನ್ನುವುದು ಕುಚ್ಚಲಕ್ಕಿಗೆ ಸರಿಯಾದ ಇಳುವರಿ ಹಾಗೆ ಕಾಣುತ್ತದೆ. ಸರ್ಕಾರಕ್ಕೆ ಭತ್ತ ಮಿಲ್ ಮಾಡಿಕೊಡುವಾಗ ಕುಚ್ಚಲಕ್ಕಿಗೆ ಹಿಡಿಯುವ ಲೆಕ್ಕ 68, ಬೆಳ್ತಿಗೆಗೆ 67. ಹಾಗಾಗಿ ಬುಧವಾರದ ಸಾಲನ್ನು ಯಾರೂ ತಿರುಗಿ ನೋಡಲಿಲ್ಲ. ಆದರೆ ಅದೂ ಸೋಮವಾರದಷ್ಟೇ ಅರ್ಥವಿಲ್ಲದ ಅಂಕಿ.

## ಮೊದಲು ನೋಡಬೇಕಾದ್ದು: ಯಾವ ಭತ್ತಕ್ಕೆ ಯಾವ ಅಕ್ಕಿ?

ವೇಬ್ರಿಡ್ಜ್ ಇರುವುದು ಗೇಟಿನಲ್ಲಿ. ಗೇಟು ದಾಟಿ ಏನು ಬಂತು, ಏನು ಹೋಯಿತು ಎನ್ನುವುದಷ್ಟೇ ಅದಕ್ಕೆ ಗೊತ್ತು. ಒಳಗೆ ಯಾವ ಭತ್ತ ಯಾವತ್ತು ಯಂತ್ರಕ್ಕೆ ಬಿತ್ತು ಎನ್ನುವುದು ಅದಕ್ಕೆ ಗೊತ್ತಿಲ್ಲ.

ಬೆಳ್ತಿಗೆ ಅಕ್ಕಿಯಾದರೆ ಒಣಗಿದ ಭತ್ತ ಬಂದ ದಿನವೇ ಯಂತ್ರಕ್ಕೆ ಹಾಕಬಹುದು. ಕುಚ್ಚಲಕ್ಕಿಗೆ ಹಾಗಿಲ್ಲ. ಸೋಮವಾರ ಬಂದ ಭತ್ತ ಆ ರಾತ್ರಿ ತೊಟ್ಟಿಯಲ್ಲಿ ನೆನೆಯುತ್ತದೆ. ಮಂಗಳವಾರ ಬೆಳಿಗ್ಗೆ ಹಬೆಯಲ್ಲಿ ಬೇಯುತ್ತದೆ, ಆಮೇಲೆ ಡ್ರೈಯರ್‌ಗೆ ಹೋಗುತ್ತದೆ. ಒಣಗಿದ ಮೇಲೂ ಸ್ವಲ್ಪ ಹೊತ್ತು ಆರಲು ಬಿಡಬೇಕು, ಇಲ್ಲದಿದ್ದರೆ ಅಕ್ಕಿ ಮುರಿಯುತ್ತದೆ. ಯಂತ್ರಕ್ಕೆ ಬೀಳುವಾಗ ಬುಧವಾರ. ಅಂಗಳದಲ್ಲಿ ಬಿಸಿಲಿಗೆ ಒಣಗಿಸುವ ಮಿಲ್ಲಾದರೆ ಇನ್ನೂ ಒಂದೋ ಎರಡೋ ದಿನ. ನವೆಂಬರ್‌ನಲ್ಲಿ ಮೋಡ ಕಟ್ಟಿದರೆ ಅದಕ್ಕಿಂತಲೂ ಜಾಸ್ತಿ.

ಈ ಮಿಲ್ಲಿನ ವರದಿ ಇವತ್ತಿನ ಅಕ್ಕಿಯನ್ನು ಇವತ್ತು ಬಂದ ಭತ್ತದಿಂದ ಭಾಗಿಸುತ್ತಿತ್ತು. ಬುಧವಾರದ 7,735 ಕೆಜಿ ಅಕ್ಕಿ ಹುಟ್ಟಿದ್ದು ಸೋಮವಾರದ ಭತ್ತದಿಂದ. ಬುಧವಾರ ಗೇಟು ದಾಟಿದ 11,250 ಕೆಜಿಗೂ ಅದಕ್ಕೂ ಸಂಬಂಧವೇ ಇಲ್ಲ. ಭತ್ತ ಜಾಸ್ತಿ ಬಂದ ದಿನ ಇಳುವರಿ ಬೀಳುತ್ತದೆ, ಕಡಿಮೆ ಬಂದ ದಿನ ಏರುತ್ತದೆ. ನಿಮ್ಮ ವರದಿಯಲ್ಲೂ ಇದೇ ದೋಷ ಇದೆಯಾ ಎಂದು ತಿಳಿಯಬೇಕಾದರೆ ಹತ್ತು ಹದಿನೈದು ದಿನದ ವರದಿ ತೆಗೆದು, ಬಂದ ಭತ್ತವನ್ನೂ ಇಳುವರಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ಏರಿದಾಗಲೆಲ್ಲ ಇನ್ನೊಂದು ಇಳಿಯುತ್ತಿದ್ದರೆ ಇದೇ ಕಾರಣ. ಭಾನುವಾರ ಭತ್ತ ಬಾರದೆ ಯಂತ್ರ ಮಾತ್ರ ಓಡಿದ್ದರೆ ಆ ದಿನದ ಚೌಕದಲ್ಲಿ `#DIV/0!` ಎಂದು ಬಂದಿರುತ್ತದೆ. ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಇದಕ್ಕೆ ಪರಿಹಾರ ಲಾಟ್ ನಂಬರ್. ತೊಟ್ಟಿಗೆ ಭತ್ತ ಹಾಕುವಾಗ, ಯಾವ ಯಾವ ತೂಕದ ಚೀಟಿಯ ಭತ್ತ ಆ ತೊಟ್ಟಿಗೆ ಬಿತ್ತು ಎಂದು ಒಂದು ಪುಸ್ತಕದಲ್ಲಿ ಬರೆಯಬೇಕು. ಅದೇ ನಂಬರ್ ಡ್ರೈಯರ್‌ಗೂ, ಯಂತ್ರಕ್ಕೂ, ಅಕ್ಕಿ ಚೀಲಕ್ಕೂ ಹೋಗಬೇಕು. ಈ ಮಿಲ್ಲಿನಲ್ಲಿ ತೊಟ್ಟಿ ನೋಡಿಕೊಳ್ಳುವವರು ಮೊದಲಿಂದಲೂ ಸೀಮೆಸುಣ್ಣದಲ್ಲಿ ತೊಟ್ಟಿಯ ಗೋಡೆ ಮೇಲೆ ವಾಹನದ ಕೊನೆಯ ನಾಲ್ಕು ಅಂಕಿ ಬರೆದಿಡುತ್ತಿದ್ದರು. ಅದನ್ನು ಕಂಪ್ಯೂಟರ್‌ಗೆ ಏರಿಸುವವರು ಮಾತ್ರ ಇರಲಿಲ್ಲ.

ಲಾಟ್ ಕಟ್ಟಿ ನೋಡಿದಾಗ ಸೋಮವಾರದ 15,360 ಕೆಜಿ ಭತ್ತಕ್ಕೆ ಬುಧವಾರದ 7,735 ಕೆಜಿ ಅಕ್ಕಿ, ನುಚ್ಚೂ ಸೇರಿ. ಇಳುವರಿ 50.4%. ಹಾರಾಟ ನಿಂತಿತು, ಆದರೆ ಅಂಕಿ ಇನ್ನೂ ನಂಬುವ ಹಾಗಿಲ್ಲ. ಅಕ್ಕಪಕ್ಕದ ಲಾಟ್‌ಗಳು ಅರವತ್ತರ ಮೇಲೆ ಬಂದವು. ಅಂದರೆ ಈ ಒಂದೇ ಲಾಟ್‌ನಲ್ಲಿ ಬೇರೆ ಏನೋ ಇದೆ.

## ಮುಚ್ಚದ ಚೀಟಿ, ಎರಡು ಸಲ ಬಂದ ಭತ್ತ

ಈಗ ಆ ಲಾಟ್‌ನ ಚೀಟಿಗಳನ್ನು ಒಂದೊಂದಾಗಿ ನೋಡಬೇಕು. ಮೊತ್ತ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಗ್ರಾಸ್ ಎಂದರೆ ಲೋಡ್ ಸಮೇತ ಗಾಡಿಯ ತೂಕ, ಟೇರ್ ಎಂದರೆ ಖಾಲಿ ಗಾಡಿಯದ್ದು, ಗ್ರಾಸ್‌ನಿಂದ ಟೇರ್ ಕಳೆದರೆ ನೆಟ್.

| ಚೀಟಿ | ಗ್ರಾಸ್ | ಟೇರ್ | ನೆಟ್ | ಗ್ರಾಸ್ ಸಮಯ | ಟೇರ್ ಸಮಯ |
|---|---|---|---|---|---|
| 412 | 7,190 | 3,350 | 3,840 | 9:40 | 10:25 |
| 413 | 5,640 | 2,680 | 2,960 | 10:31 | 18:42 |
| 414 | 5,640 | 2,680 | 2,960 | 10:38 | 11:05 |
| 416 | 7,470 | 3,350 | 4,120 | 13:10 | 13:58 |
| 417 | 2,760 | 1,280 | 1,480 | 15:20 | 15:36 |

ಮಧ್ಯದ 415 ಉಮಿ ತುಂಬಿಕೊಂಡು ಹೊರಗೆ ಹೋದ ಟೆಂಪೊ, ಅದಕ್ಕೆ ಇಲ್ಲಿಲ್ಲ. 413 ಮತ್ತು 414 ನೋಡಿ. ಒಂದೇ ವಾಹನ, ಒಂದೇ ಗ್ರಾಸ್, ಒಂದೇ ಟೇರ್. ನಡುವೆ ಏಳು ನಿಮಿಷ. ಏಳು ನಿಮಿಷದಲ್ಲಿ ಒಂದು ಟೆಂಪೊ ಭತ್ತ ಇಳಿಸಿ, ಹೋಗಿ, ಇನ್ನೊಂದು ಲೋಡ್ ಹತ್ತು ಕೆಜಿಯೂ ಆಚೀಚೆ ಆಗದ ಹಾಗೆ ತುಂಬಿಸಿ ಬರಲು ಸಾಧ್ಯವಿಲ್ಲ. ಇನ್ನೂ ಒಂದು ಗುರುತು ಟೇರ್ ಸಮಯದಲ್ಲಿದೆ. 413ರ ಗ್ರಾಸ್ ಬೆಳಿಗ್ಗೆ ಹತ್ತೂವರೆಗೆ, ಟೇರ್ ಸಂಜೆ ಆರೂ ಮುಕ್ಕಾಲಿಗೆ.

ತೂಕದ ಕ್ಯಾಬಿನ್‌ನಲ್ಲಿ ಕೂರುವ ಹುಡುಗನನ್ನು ಕೇಳಿದೆ. "ಕರೆಂಟ್ ಹೋಯ್ತು ಸರ್, ಪ್ರಿಂಟ್ ಬರ್ಲಿಲ್ಲ. ಗಾಡಿ ಅಲ್ಲೇ ನಿಂತಿತ್ತು, ಕರೆಂಟ್ ಬಂದ ಮೇಲೆ ಪುನಃ ತೂಕ ಮಾಡಿದೆ" ಎಂದ. ಮತ್ತೆ ಸಂಜೆ?

"ಸಂಜೆ ಒಂದು ಚೀಟಿ ಪೆಂಡಿಂಗ್ ತೋರಿಸ್ತಾ ಇತ್ತು. ಅದು ಮುಚ್ಚದೆ ದಿನದ ಲೆಕ್ಕ ಕ್ಲೋಸ್ ಆಗುದಿಲ್ಲ ಅಲ್ವಾ? ಹಾಗೆ ಹಳೆ ಟೇರ್ ಹಾಕಿ ಮುಚ್ಚಿದೆ."

ಅವನು ಹೇಳಿದ್ದು ಪೂರ್ತಿ ನಿಜ. ಅವನ ತಪ್ಪೂ ಅಲ್ಲ. ಕರೆಂಟ್ ಹೋದಾಗ ಮೊದಲ ತೂಕ ಆಗಲೇ ದಾಖಲಾಗಿತ್ತು, ಚೀಟಿ ಮಾತ್ರ ಪ್ರಿಂಟ್ ಆಗಿರಲಿಲ್ಲ. ಎರಡನೇ ಸಲ ತೂಗಿದಾಗ ಹೊಸ ನಂಬರ್ ಬಂತು, ಆ ನಂಬರ್‌ನಲ್ಲಿ ಟೇರ್ ಕೂಡ ಸರಿಯಾಗಿ ಆಯಿತು. ಮೊದಲನೆಯದು ಅರ್ಧಕ್ಕೇ ನಿಂತಿತು. ಅರ್ಧ ಚೀಟಿಯನ್ನು ರದ್ದು ಮಾಡುವ ಅಧಿಕಾರ ಅವನ ಲಾಗಿನ್‌ಗೆ ಇರಲಿಲ್ಲ. ವಾಹನದ ಹಳೆಯ ಟೇರ್ ಹಾಕಿ ಮುಚ್ಚುವ ಬಟನ್ ಮಾತ್ರ ಇತ್ತು. ಅವನು ಅದನ್ನೇ ಒತ್ತಿದ.

ಇಂಥದ್ದನ್ನು ಹುಡುಕಲು ವೇಬ್ರಿಡ್ಜ್ ಲೆಕ್ಕವನ್ನು ಎಕ್ಸೆಲ್‌ಗೆ ತೆಗೆದುಕೊಳ್ಳಿ. `A` ಕಾಲಂನಲ್ಲಿ ತಾರೀಖು, `C` ಕಾಲಂನಲ್ಲಿ ವಾಹನ ನಂಬರ್, `D` ಕಾಲಂನಲ್ಲಿ ಗ್ರಾಸ್ ಇದೆ ಎಂದಿಟ್ಟುಕೊಳ್ಳಿ. ಖಾಲಿ ಕಾಲಂ ಒಂದರಲ್ಲಿ ಹೀಗೆ ಹಾಕಿ ಕೆಳಗಿನವರೆಗೆ ಎಳೆಯಿರಿ:

```
=COUNTIFS(A:A,A2,C:C,C2,D:D,D2)
```

1 ಬಂದರೆ ಸರಿ. 2 ಬಂದ ಸಾಲುಗಳನ್ನು ಕೈಯಲ್ಲಿ ನೋಡಿ. ತಾರೀಖಿನ ಕಾಲಂನಲ್ಲಿ ಸಮಯವೂ ಸೇರಿಕೊಂಡಿದ್ದರೆ ಇದು ಏನನ್ನೂ ಹಿಡಿಯುವುದಿಲ್ಲ, ಮೊದಲು `=INT(A2)` ಹಾಕಿ ಬರೀ ತಾರೀಖು ಬೇರೆ ಮಾಡಿಕೊಳ್ಳಬೇಕು. ಗಾಡಿ ಸ್ವಲ್ಪ ಅಲುಗಾಡಿ ಎರಡನೇ ತೂಕ ಹತ್ತು ಕೆಜಿ ಬೇರೆ ಬಂದಿದ್ದರೂ ಇದಕ್ಕೆ ಸಿಗುವುದಿಲ್ಲ. ಅದಕ್ಕೆ ಗ್ರಾಸ್ ಸಮಯಕ್ಕೂ ಟೇರ್ ಸಮಯಕ್ಕೂ ಎಷ್ಟು ಅಂತರ ಎಂದು ನೋಡುವುದೇ ಒಳ್ಳೆಯದು. ಈ ಮಿಲ್ಲಿನಲ್ಲಿ ಒಂದು ಟೆಂಪೊ ಇಳಿಸಲು ಮುಕ್ಕಾಲು ಗಂಟೆ ಸಾಕು. ಮೂರು ಗಂಟೆ ದಾಟಿದ ಚೀಟಿ ಎಲ್ಲವನ್ನೂ ಪಕ್ಕಕ್ಕೆ ತೆಗೆದಿಟ್ಟರೆ ಕಳ್ಳಚೀಟಿ ಇದ್ದರೆ ಅದರಲ್ಲೇ ಸಿಗುತ್ತದೆ.

ಇದೇ ಸಮಯದ ಅಂತರದಿಂದ ಇನ್ನೊಂದು ದೋಷವೂ ಸಿಗುತ್ತದೆ. ಕೊಯ್ಲಿನ ಸಮಯದಲ್ಲಿ ರಾತ್ರಿ ಹನ್ನೊಂದೂವರೆಗೆ ಗ್ರಾಸ್ ಆಗಿ, ಹನ್ನೆರಡು ದಾಟಿದ ಮೇಲೆ ಟೇರ್ ಆಗುವ ವಾಹನಗಳಿರುತ್ತವೆ. ಒಂದು ವರದಿ ಗ್ರಾಸ್‌ನ ತಾರೀಖು ಹಿಡಿದು, ಇನ್ನೊಂದು ಟೇರ್‌ನ ತಾರೀಖು ಹಿಡಿದರೆ ಆ ಲೋಡ್ ಒಂದು ಕಡೆ ನಿನ್ನೆಯದು, ಇನ್ನೊಂದು ಕಡೆ ಇವತ್ತಿನದು. ಟೇರ್ ಆದ ತಾರೀಖನ್ನೇ ಹಿಡಿಯಿರಿ. ನೆಟ್ ತೂಕ ಹುಟ್ಟುವುದೇ ಆಗ.

413 ತೆಗೆದ ಮೇಲೆ ಲಾಟ್‌ನ ಭತ್ತ 12,400 ಕೆಜಿ. ಇಳುವರಿ 62.4%. ಅಕ್ಕಪಕ್ಕದ ಲಾಟ್‌ಗಳ ಜೊತೆ ಇದೂ ಸಾಲಿಗೆ ಬಂತು. ಆದರೆ ಎಲ್ಲವೂ ಸೇರಿ ನಾಲ್ಕೈದು ಅಂಶ ಕಡಿಮೆ.

## ನೀರನ್ನು ಭತ್ತವೆಂದು ಎಣಿಸಿದರೆ

ಎಲ್ಲ ಲಾಟ್‌ಗಳೂ ಒಂದೇ ಹದದಲ್ಲಿ ಕಡಿಮೆ ಬರುತ್ತಿದ್ದರೆ ನಾನು ಮೊದಲು ನೋಡುವುದು ತೇವಾಂಶ. ಕಟಾವು ಯಂತ್ರದಲ್ಲಿ ಕೊಯ್ದ ಭತ್ತ ಗದ್ದೆಯಿಂದ ಸೀದಾ ಗಾಡಿಗೆ ಬೀಳುತ್ತದೆ. ಹಿಂದಿನ ಹಾಗೆ ಸೂಡಿ ಕಟ್ಟಿ, ಅಂಗಳಕ್ಕೆ ತಂದು, ಬಡಿದು, ಒಣಗಿಸಿ ತರುವುದು ಈಗ ಕಡಿಮೆ. ವೇಬ್ರಿಡ್ಜ್ ಮೇಲೆ ಆ ನೀರಿಗೂ ತೂಕ ಇದೆ. ಅಕ್ಕಿ ತೂಗುವಾಗ ಆ ನೀರು ಇರುವುದಿಲ್ಲ.

ಲೆಕ್ಕ ಹೀಗೆ. 19% ತೇವಾಂಶದ 100 ಕೆಜಿ ಭತ್ತದಲ್ಲಿ ನೀರು 19 ಕೆಜಿ, ಉಳಿದದ್ದು 81 ಕೆಜಿ. ಅದನ್ನು 13ಕ್ಕೆ ಒಣಗಿಸಿದರೆ ಆ 81 ಕೆಜಿ ಹಾಗೇ ಇರುತ್ತದೆ, ಆದರೆ ಈಗ ಅದು ಒಟ್ಟು ತೂಕದ 87 ಪಾಲು. 81ನ್ನು 87ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 93.1 ಕೆಜಿ. ಅಂದರೆ ಕ್ವಿಂಟಾಲಿಗೆ 6.9 ಕೆಜಿ ನೀರಾಗಿ ಹೋಯಿತು. ತುಂಬಾ ಜನ 19ರಿಂದ 13 ಕಳೆದು "ಆರು ಕೆಜಿ ಹೋಗ್ತದೆ" ಎನ್ನುತ್ತಾರೆ. ಈ ಲಾಟ್‌ನಲ್ಲಿ ಹಾಗೆ ಮಾಡಿದರೆ 111 ಕೆಜಿ ತಪ್ಪುತ್ತದೆ, ಎರಡು ಚೀಲಕ್ಕಿಂತ ಜಾಸ್ತಿ. ಎಕ್ಸೆಲ್‌ನಲ್ಲಿ `F` ನೆಟ್ ತೂಕ, `G` ತೇವಾಂಶ ಆದರೆ:

```
=F2*(100-G2)/(100-13)
```

13ರ ಬದಲು ನಿಮ್ಮ ಮಿಲ್ಲಿನ ಅಕ್ಕಿ ಚೀಲ ತುಂಬುವಾಗ ನಿಜವಾಗಿ ಎಷ್ಟು ತೇವಾಂಶ ಇರುತ್ತದೋ ಅದನ್ನು ಹಾಕಿ. 14 ಇದ್ದರೆ 14.

ಈ ಮಿಲ್ಲಿನ ಕಂಪ್ಯೂಟರ್‌ನಲ್ಲಿ ತೇವಾಂಶದ ಕಾಲಂ ಇತ್ತು. ಆದರೆ ಅದರ ತುಂಬಾ ಮೇಲಿಂದ ಕೆಳಗೆ ಒಂದೇ ಅಂಕಿ, 17. ಇದು ತುಂಬಾ ಕಡೆ ಕಾಣಸಿಗುವ ಗುರುತು. ಬೆಂಬಲ ಬೆಲೆಯಲ್ಲಿ ಭತ್ತ ಕೊಳ್ಳುವಾಗ ಒಪ್ಪುವ ತೇವಾಂಶದ ಮಿತಿ 17. ಅದು ಬಾಯಿಪಾಠವಾಗಿರುವುದರಿಂದ ಟೈಪ್ ಮಾಡುವವರು ಅದನ್ನೇ ಹಾಕುತ್ತಾ ಹೋಗುತ್ತಾರೆ. ನಿಜವಾದ ಭತ್ತದ ತೇವಾಂಶ ಗಾಡಿಯಿಂದ ಗಾಡಿಗೆ ಬೇರೆ ಬರಲೇಬೇಕು. ಒಂದೇ ಅಂಕಿ ಸಾಲಾಗಿ ನಿಂತಿದ್ದರೆ ಅಲ್ಲಿ ಯಾರೂ ಅಳೆದಿಲ್ಲ, ಅಥವಾ ಅಳೆದದ್ದು ಕಂಪ್ಯೂಟರ್‌ವರೆಗೆ ಬಂದಿಲ್ಲ.

ಇಲ್ಲಿ ಅಳೆದಿದ್ದರು. ಭತ್ತ ಇಳಿಸಿಕೊಳ್ಳುವವರ ಕಿಸೆಯ ಪುಸ್ತಕದಲ್ಲಿ ನಾಲ್ಕು ಗಾಡಿಗೂ ಮೀಟರ್ ಅಂಕಿ ಇತ್ತು: 18, 20, 19, 19.6. ಸರಾಸರಿ ತೆಗೆಯುವಾಗ ನಾಲ್ಕನ್ನೂ ಸುಮ್ನೆ ಕೂಡಿಸಿ ಭಾಗಿಸಬಾರದು. ನಾಲ್ಕು ಟನ್ನಿನ ಲೋಡಿಗೂ ಒಂದೂವರೆ ಟನ್ನಿನ ಪಿಕಪ್‌ಗೂ ಒಂದೇ ಬೆಲೆ ಕೊಟ್ಟ ಹಾಗಾಗುತ್ತದೆ. ತೂಕಕ್ಕೆ ತಕ್ಕ ಸರಾಸರಿ ಬೇಕು:

```
=SUMPRODUCT(F2:F5,G2:G5)/SUM(F2:F5)
```

ಬಂದದ್ದು 19.0. ಅದರ ಪ್ರಕಾರ 12,400 ಕೆಜಿ ಹಸಿ ಭತ್ತ ಎಂದರೆ 11,545 ಕೆಜಿ ಒಣ ಭತ್ತ. ಇಳುವರಿ 67.0%. ಕಂಪ್ಯೂಟರ್‌ನಲ್ಲಿದ್ದ 17ನ್ನೇ ನಂಬಿದ್ದರೆ 65.4 ಬರುತ್ತಿತ್ತು. ಆ ಒಂದೂವರೆ ಅಂಶದ ಕೊರತೆಗೆ ಕಾರಣ ಹುಡುಕುತ್ತಾ ಯಂತ್ರ ಬಿಚ್ಚಿ ಕೂರಬೇಕಾಗಿತ್ತು.

ಮೀಟರ್ ಹಿಡಿಯುವಾಗಲೂ ಜಾಗ್ರತೆ ಬೇಕು. ಗಾಡಿಯ ಮೇಲಿನ ಭತ್ತ ಗಾಳಿಗೆ ಆರಿರುತ್ತದೆ, ತಳದ್ದು ಬೆವರಿರುತ್ತದೆ. ಮೇಲಿಂದ ಒಂದು ಹಿಡಿ ತೆಗೆದು ನೋಡಿದರೆ ಕಡಿಮೆ ತೋರಿಸುತ್ತದೆ. ಮೇಲೆ, ನಡುವೆ, ತಳ ಮೂರೂ ಕಡೆಯಿಂದ ತೆಗೆದು ಕಲಸಿ ಅಳೆಯಬೇಕು. ತಳದ್ದು ಇಳಿಸುವಾಗಲೇ ಸಿಗುವುದು, ಅಲ್ಲಿಯವರೆಗೆ ಕಾಯಬೇಕು.

## ಉಮಿ ಎಲ್ಲಿ ಹೋಯಿತು?

ಅಕ್ಕಿಯ ಅಂಕಿ ಸರಿಯಾದ ಮೇಲೂ ಇದೇ ವರದಿಯ ಕೆಳಗಿನ ಭಾಗ ನೋಡಿದರೆ ತಲೆ ಕೆಡುತ್ತಿತ್ತು. ಆ ಲಾಟ್‌ನ ಎದುರು ಉಮಿ 1,150 ಕೆಜಿ, ತೌಡು ಸೊನ್ನೆ. ಭತ್ತದಲ್ಲಿ ಉಮಿಯೇ ಸುಮಾರು ಐದನೇ ಒಂದು ಪಾಲು ಇರುತ್ತದೆ. ಇಲ್ಲಿ ಹತ್ತನೇ ಒಂದು ಪಾಲು ಕೂಡ ಇಲ್ಲ.

ಕಾರಣ ಮತ್ತೆ ಅದೇ ಗೇಟು. ವೇಬ್ರಿಡ್ಜ್‌ಗೆ ಕಾಣುವುದು ಮಾರಾಟವಾಗಿ ಹೊರಗೆ ಹೋದ ಉಮಿ ಮಾತ್ರ. ಕುಚ್ಚಲಕ್ಕಿ ಮಿಲ್ಲಿನ ಬಾಯ್ಲರ್ ಉರಿಯುವುದೇ ಉಮಿಯಲ್ಲಿ. ಅರ್ಧಕ್ಕಿಂತ ಜಾಸ್ತಿ ಉಮಿ ಗೇಟು ದಾಟುವುದೇ ಇಲ್ಲ, ಹೊಗೆಯಾಗಿ ಬೂದಿಯಾಗಿ ಹೋಗುತ್ತದೆ. ತೌಡಿನದ್ದು ಬೇರೆ ಕತೆ. ಅದನ್ನು ವಾರಕ್ಕೊಮ್ಮೆ ಕೊಳ್ಳುವವರು ಬಂದು ಒಟ್ಟಿಗೆ ಒಯ್ಯುತ್ತಾರೆ. ಆರು ದಿನ ಸೊನ್ನೆ, ಏಳನೇ ದಿನ ಮೂರೂವರೆ ಟನ್. ವರದಿ ಮಾರಾಟವನ್ನೇ ಉತ್ಪಾದನೆ ಎಂದು ತೋರಿಸುತ್ತಿತ್ತು.

ತೌಡಿಗೆ ಪರಿಹಾರ ಸುಲಭ. ಚೀಲ ಎಣಿಸಿ, ಕೆಲವನ್ನು ತೂಗಿ ಸರಾಸರಿ ಹಿಡಿದರೆ ಆಯಿತು. ಈ ಲಾಟ್‌ನಲ್ಲಿ 40 ಕೆಜಿಯ 16 ಚೀಲ, 640 ಕೆಜಿ. ಉಮಿಗೆ ಸ್ವಲ್ಪ ಕೆಲಸ ಮಾಡಬೇಕು. ಬುಧವಾರ ಬೆಳಿಗ್ಗೆ ಯಂತ್ರ ಶುರು ಮಾಡುವ ಮೊದಲು ಉಮಿ ಕೋಣೆ ಪೂರ್ತಿ ಖಾಲಿ ಮಾಡಿಸಿದ್ದರು. ಆ ಲಾಟ್‌ನ ಉಮಿ ಮಾತ್ರ ಅದರಲ್ಲಿ ಬಿತ್ತು. ಅದರಿಂದ ಎರಡು ಟೆಂಪೊ ಮಾರಾಟಕ್ಕೆ ಹೋಯಿತು, ವೇಬ್ರಿಡ್ಜ್ ಪ್ರಕಾರ 1,150 ಕೆಜಿ. ಉಳಿದದ್ದು ಬಾಯ್ಲರ್‌ಗೆ ಹೆಡಿಗೆಯಲ್ಲಿ ಹೋಯಿತು. ಒಂದು ಹೆಡಿಗೆಗೆ ಉಮಿ ಎಷ್ಟು ಹಿಡಿಯುತ್ತದೆ ಎಂದು ಹತ್ತು ಹೆಡಿಗೆ ತೂಗಿ ನೋಡಿದರೆ ಸರಾಸರಿ 7 ಕೆಜಿ. ಬಾಯ್ಲರ್ ನೋಡಿಕೊಳ್ಳುವವರು ಗೋಡೆಯ ಮೇಲೆ ಇದ್ದಿಲಲ್ಲಿ ಗೀರು ಹಾಕಿದ್ದರು, 198 ಹೆಡಿಗೆ. ಅಂದರೆ 1,386 ಕೆಜಿ. ಎರಡೂ ಸೇರಿ 2,536.

ದಿನವೂ ಹೀಗೆ ಮಾಡಲು ಆಗುವುದಿಲ್ಲ. ತಿಂಗಳಿಗೊಮ್ಮೆ, ಅಥವಾ ಭತ್ತದ ತಳಿ ಬದಲಾದಾಗ ಒಂದು ಲಾಟ್‌ಗೆ ಹೀಗೆ ಪೂರ್ತಿ ಅಳೆದು, ನಡುವಿನ ದಿನಗಳಿಗೆ ಅದೇ ಶೇಕಡಾ ಹಾಕಿಕೊಳ್ಳಬಹುದು. ಹಾಗೆ ಹಾಕಿದ ಅಂಕಿಯನ್ನು ವರದಿಯಲ್ಲಿ "ಅಂದಾಜು" ಎಂದು ಬರೆಯಲೇಬೇಕು. ಇಲ್ಲದಿದ್ದರೆ ಆರು ತಿಂಗಳ ಮೇಲೆ ಅದನ್ನು ಅಳೆದ ಅಂಕಿ ಎಂದು ಯಾರಾದರೂ ನಂಬುತ್ತಾರೆ.

ಈಗ ಒಣ ಭತ್ತ 11,545ಕ್ಕೆ ಎದುರು ಕೂಡಿಸಿದ್ದು ಇಷ್ಟು: ಅಕ್ಕಿ 7,500, ನುಚ್ಚು 235, ತೌಡು 640, ಉಮಿ 2,536, ಮೊದಲೇ ಜಾಲಾಡಿ ತೆಗೆದ ಪೊಳ್ಳು, ಹುಲ್ಲು, ಮಣ್ಣು 360. ಒಟ್ಟು 11,271. ಸಿಗದೆ ಹೋದದ್ದು 274 ಕೆಜಿ, 2.4%. ಧೂಳಾಗಿ ಹಾರಿದ್ದು, ನೆಲದಲ್ಲಿ ಬಿದ್ದು ಗುಡಿಸಿದ್ದು, ಹೆಡಿಗೆಯ ಅಂದಾಜಿನ ಹೆಚ್ಚುಕಡಿಮೆ, ಎಲ್ಲ ಇದರಲ್ಲಿ ಬಂತು. ಮೂರರೊಳಗೆ ಇದ್ದರೆ ನಾನು ಮುಂದೆ ಕೆದಕುವುದಿಲ್ಲ. ಆದರೆ ಈ ಅಂಕಿ ಸೊನ್ನೆಗಿಂತ ಕೆಳಗೆ ಹೋದರೆ, ಅಂದರೆ ಬಂದ ಭತ್ತಕ್ಕಿಂತ ಹೊರಬಂದ ಮಾಲು ಜಾಸ್ತಿ ಆದರೆ, ಒಂದು ಚೀಟಿ ಲೆಕ್ಕದಿಂದ ಬಿಟ್ಟುಹೋಗಿದೆ ಎಂದೇ ಹಿಡಿಯಬೇಕು.

## ಕೂಲಿ ಭತ್ತ ಬೇರೆ ಇಡಿ

ನಮ್ಮ ಕಡೆ ಇನ್ನೂ ತುಂಬಾ ಮನೆಯವರು ತಮ್ಮ ಊಟಕ್ಕೆ ತಮ್ಮದೇ ಗದ್ದೆಯ ಭತ್ತ ತಂದು, ಅಕ್ಕಿ ಮಾಡಿಸಿಕೊಂಡು, ಕೂಲಿ ಕೊಟ್ಟು ಹೋಗುತ್ತಾರೆ. ಆ ಭತ್ತ ಬರುವಾಗ ವೇಬ್ರಿಡ್ಜ್ ಮೇಲೆ ಹತ್ತುತ್ತದೆ. ಅಕ್ಕಿ ಹೋಗುವಾಗ ಹತ್ತುವುದಿಲ್ಲ, ಚೀಲ ಎಣಿಸಿ ಕೊಟ್ಟುಬಿಡುತ್ತಾರೆ. ಮಿಲ್ಲಿನ ಸ್ಟಾಕಿಗೂ ಅದು ಬರುವುದಿಲ್ಲ. ಹಾಗಾಗಿ ಭತ್ತ ಬಂದದ್ದು ಲೆಕ್ಕಕ್ಕುಂಟು, ಅಕ್ಕಿ ಆದದ್ದು ಲೆಕ್ಕಕ್ಕಿಲ್ಲ. ವಾರದ ಕೊನೆಯಲ್ಲಿ ಅಥವಾ ಹಬ್ಬದ ಮೊದಲು ಇಳುವರಿ ಬೀಳುವ ಮಿಲ್ಲುಗಳಲ್ಲಿ ಇದನ್ನು ಮೊದಲು ನೋಡಿ. ಚೀಟಿ ಮಾಡುವಾಗಲೇ "ಕೂಲಿ" ಎಂದು ಬೇರೆ ಮಾಲಿನ ಹೆಸರು ಕೊಟ್ಟರೆ ಮುಗಿಯಿತು.

## ಇಷ್ಟಾದರೂ ಸರಿಬಾರದಿದ್ದರೆ ವೇಬ್ರಿಡ್ಜ್

ಕಾಗದವೆಲ್ಲ ಸರಿಯಾದ ಮೇಲೂ ಇಳುವರಿ ಕಡಿಮೆಯೇ ಇದ್ದರೆ ಆಗ ತಕ್ಕಡಿಯತ್ತ ತಿರುಗಬೇಕು. ಸುಲಭದ ಪರೀಕ್ಷೆ ಒಂದಿದೆ. ಲೋಡ್ ಇರುವ ಒಂದು ಗಾಡಿಯನ್ನು ವೇಬ್ರಿಡ್ಜ್‌ನ ಮುಂದಿನ ತುದಿಗೆ ನಿಲ್ಲಿಸಿ ತೂಕ ಬರೆದುಕೊಳ್ಳಿ. ಆಮೇಲೆ ನಡುವೆ, ಆಮೇಲೆ ಹಿಂದಿನ ತುದಿಯಲ್ಲಿ. ಮೂರು ಸಲವೂ ಎಲ್ಲ ಚಕ್ರ ಮೇಲಿರಬೇಕು. ಮೂರೂ ಒಂದೇ ಅಥವಾ ಹತ್ತು ಕೆಜಿ ಆಚೀಚೆ ಇದ್ದರೆ ಸರಿ. ಒಂದು ತುದಿಯಲ್ಲಿ ಮಾತ್ರ ಕಡಿಮೆ ಜಾಸ್ತಿ ಬಂದರೆ ಆ ತುದಿಯ ಲೋಡ್ ಸೆಲ್‌ನಲ್ಲಿ ತೊಂದರೆ, ಅಥವಾ ಹಲಗೆಗೂ ಗುಂಡಿಯ ಗೋಡೆಗೂ ನಡುವೆ ಏನೋ ಸಿಕ್ಕಿಕೊಂಡಿದೆ. ಕರಾವಳಿಯಲ್ಲಿ ಮಳೆ ಮುಗಿಯುವಾಗ ವೇಬ್ರಿಡ್ಜ್ ಗುಂಡಿಯಲ್ಲಿ ಕೆಂಪು ಮಣ್ಣು ತುಂಬಿ ಕೂತಿರುತ್ತದೆ. ಮುರಕಲ್ಲಿನ ಒಂದು ಚೂರು ಅಂಚಿನ ಸಂದಿಯಲ್ಲಿ ಸಿಕ್ಕಿದರೂ ಹಲಗೆ ಪೂರ್ತಿ ಕೆಳಗೆ ಕೂರುವುದಿಲ್ಲ. ಮೊದಲು ಗುಂಡಿ ತೊಳೆಯಿಸಿ, ಅಂಚು ಕೆದಕಿಸಿ, ಮತ್ತೆ ಪರೀಕ್ಷೆ ಮಾಡಿ. ಸರಿಯಾಗದಿದ್ದರೆ ಸರ್ವಿಸ್‌ನವರನ್ನು ಕರೆಸಬೇಕು. ಒಳಗಿನ ಹೊಂದಾಣಿಕೆಗೆ ನೀವು ಕೈ ಹಾಕಬೇಡಿ. ಅದಕ್ಕೆ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಇರುತ್ತದೆ, ಮುದ್ರೆ ಒಡೆದರೆ ಮತ್ತೆ ತಪಾಸಣೆ ಮಾಡಿಸಬೇಕು.

ತಕ್ಕಡಿ ಸರಿಯಿದ್ದೂ ತೂಕ ತಪ್ಪುವುದುಂಟು. ಸಣ್ಣ ಪಿಕಪ್‌ಗಳಲ್ಲಿ ಇದು ಜಾಸ್ತಿ. ಗ್ರಾಸ್ ಮಾಡುವಾಗ ಡ್ರೈವರ್ ಮತ್ತು ಜೊತೆಯವರು ಗಾಡಿಯಲ್ಲೇ ಕೂತಿರುತ್ತಾರೆ, ಟೇರ್ ಮಾಡುವಾಗ ಇಳಿದು ಚಹಾಕ್ಕೆ ಹೋಗಿರುತ್ತಾರೆ. ಇಬ್ಬರದ್ದು 130 ಕೆಜಿ. ಹತ್ತು ಟನ್ನಿನ ಲಾರಿಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಒಂದೂವರೆ ಟನ್ ಭತ್ತದ ಪಿಕಪ್‌ನಲ್ಲಿ ಅದು ಸುಮಾರು ಒಂಬತ್ತು ಶೇಕಡಾ. ಎರಡೂ ಸಲ ಎಲ್ಲರೂ ಇಳಿಯಬೇಕು ಎಂದು ಕ್ಯಾಬಿನ್ ಎದುರು ಬರೆದು ಹಾಕುವುದು ಒಳ್ಳೆಯದು. ಒದ್ದೆ ಟಾರ್ಪಾಲಿನದ್ದೂ ಇದೇ ತಕರಾರು. ಬರುವಾಗ ಮೇಲೆ ಇದ್ದ ಟಾರ್ಪಾಲು ಟೇರ್ ಆಗುವಾಗಲೂ ಗಾಡಿಯಲ್ಲೇ ಇರಬೇಕು. ಭತ್ತ ಗೋಣಿಯಲ್ಲಿ ಬಂದಿದ್ದರೆ ಖಾಲಿ ಗೋಣಿ ಗಾಡಿಗೆ ವಾಪಸ್ ಹೋದ ಮೇಲೆ ಟೇರ್ ಆಯಿತಾ, ಅದಕ್ಕೆ ಮೊದಲೇ ಆಯಿತಾ ಎಂದು ನೋಡಬೇಕು. 50 ಕೆಜಿಯ ಸೆಣಬಿನ ಗೋಣಿ ಒಂದಕ್ಕೆ 580 ಗ್ರಾಂ ತೂಕ, ಭತ್ತಕ್ಕೆ ಬಳಸುವ ದೊಡ್ಡದಕ್ಕೆ ಇನ್ನೂ ಜಾಸ್ತಿ.

ಯಂತ್ರದ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ. ಉಮಿ ಬೀಳುವ ಕೊಳವೆಯ ಬಾಯಿಯಲ್ಲಿ ಒಂದು ಮೊರ ಹಿಡಿದು ಒಂದೆರಡು ಕೆಜಿ ಉಮಿ ತೆಗೆದು ಕೇರಿ ನೋಡಿ. ಮೊರದ ತಳದಲ್ಲಿ ಅಕ್ಕಿ, ಭತ್ತ ಉಳಿದರೆ ಗಾಳಿಯ ಎಳೆತ ಜಾಸ್ತಿಯಾಗಿದೆ, ಅಕ್ಕಿ ಉಮಿಯ ಜೊತೆ ಬಾಯ್ಲರ್‌ಗೆ ಹೋಗುತ್ತಿದೆ. ತೌಡನ್ನು ಸಣ್ಣ ಜರಡಿಯಲ್ಲಿ ಜಾಲಿಸಿ. ಅದರಲ್ಲಿ ನುಚ್ಚು ಸಿಕ್ಕರೆ ಪಾಲಿಶ್ ಯಂತ್ರದ ಜಾಲರಿ ಹರಿದಿದೆ. ಒಂದು ವಿಷಯ ಮಾತ್ರ ನೆನಪಿರಲಿ. ಕೆಂಪು ಕುಚ್ಚಲಕ್ಕಿಗೆ ಪಾಲಿಶ್ ಕಡಿಮೆ ಕೊಟ್ಟರೆ ತೌಡು ಕಡಿಮೆ ಬರುತ್ತದೆ, ಇಳುವರಿ ಜಾಸ್ತಿ ಬರುತ್ತದೆ. ಆದ್ದರಿಂದ 67 ಎನ್ನುವುದು ಎಲ್ಲರಿಗೂ ಸರಿಯಾದ ಅಂಕಿ ಅಲ್ಲ. ಒಂದೇ ತಳಿ, ಒಂದೇ ಪಾಲಿಶ್ ಇರುವ ನಿಮ್ಮದೇ ಹಳೆಯ ಲಾಟ್‌ಗಳ ಜೊತೆ ಹೋಲಿಸಿ.

## ಚೀಟಿ ತಿದ್ದುವಾಗ

413ನ್ನು ಅಳಿಸಬಾರದು. ಅಳಿಸಿದರೆ ನಂಬರ್ ಸಾಲಿನಲ್ಲಿ ಒಂದು ಖಾಲಿ ಬೀಳುತ್ತದೆ, ಲೆಕ್ಕ ತಪಾಸಣೆಯವರು ಬಂದಾಗ ಅದು ಅಳಿಸಿದ ಲೋಡ್ ಹಾಗೆ ಕಾಣುತ್ತದೆ. "ರದ್ದು: ಕರೆಂಟ್ ಹೋಗಿ 414 ಎಂದು ಮತ್ತೆ ತೂಗಿದೆ" ಎಂದು ಕಾರಣ ಬರೆದು ರದ್ದು ಎಂದು ಗುರುತು ಹಾಕಬೇಕು. ಇಂಥ ರದ್ದು ಮಾಡುವ ಅಧಿಕಾರವನ್ನು ಕ್ಯಾಬಿನ್‌ನ ಹುಡುಗನಿಗೆ ಕೊಡದಿದ್ದರೂ, ಸಂಜೆ ಲೆಕ್ಕ ಮುಚ್ಚುವ ಗುಮಾಸ್ತರಿಗೆ ಕೊಡಬೇಕು. ಹಳೆಯ ಟೇರ್ ಹಾಕಿ ಮುಚ್ಚುವ ಬಟನ್ ತೆಗೆಸಿಬಿಡುವುದೇ ವಾಸಿ.

ಆಮೇಲೆ ಹಣದ ಪುಸ್ತಕ ತೆಗೆಯಿರಿ. ಎರಡು ಸಲ ದಾಖಲಾದ ಭತ್ತಕ್ಕೆ ಎರಡು ಸಲ ಹಣ ಹೋಗಿರುವ ಸಾಧ್ಯತೆ ಇದೆ. ಇಲ್ಲಿ ಹೋಗಿರಲಿಲ್ಲ. ರೈತರ ಕೈಯಲ್ಲಿದ್ದದ್ದು 414ರ ಪ್ರಿಂಟ್ ಮಾತ್ರ, ಅದನ್ನು ತೋರಿಸಿ ಹಣ ತೆಗೆದುಕೊಂಡಿದ್ದರು. ಆದರೆ ಚೀಟಿ ಕೇಳದೆ ಕಂಪ್ಯೂಟರ್ ಪಟ್ಟಿ ನೋಡಿಯೇ ಬ್ಯಾಂಕಿಗೆ ಹಣ ಹಾಕುವ ಮಿಲ್ಲಾದರೆ, ಸೀಸನ್ ಶುರುವಿನಿಂದ ಮೂರು ಗಂಟೆ ದಾಟಿ ಮುಚ್ಚಿದ ಚೀಟಿ ಎಲ್ಲವನ್ನೂ ಪಾವತಿ ಪಟ್ಟಿಯ ಎದುರು ಇಟ್ಟು ಒಂದೊಂದಾಗಿ ಟಿಕ್ ಹಾಕಿ ನೋಡಬೇಕು.